ಬಾಗಿದ ರ‍್ಯಾಂಪ್: ಅರ್ಲಿ ಪರಿಣಾಮ ಮತ್ತು ಟ್ರಾನ್ಸಿಸ್ಟರ್‌ನ ಔಟ್‌ಪುಟ್ ರೋಧ, ಒಂದು ಪ್ರಕರಣ ಅಧ್ಯಯನ

ಸರ್ಕ್ಯೂಟ್ ಚಿಕ್ಕದು. 12 ವೋಲ್ಟ್ ಸಪ್ಲೈ, ಒಂದು ಕೆಪಾಸಿಟರ್, ಎರಡು BC547B ಟ್ರಾನ್ಸಿಸ್ಟರ್‌ಗಳ ಕರೆಂಟ್ ಮಿರರ್. 100 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಒಂದು ಪಿ-ಚಾನೆಲ್ ಮಾಸ್‌ಫೆಟ್ ಸ್ವಿಚ್ 12 ವೋಲ್ಟ್‌ಗೆ ತುಂಬುತ್ತದೆ. ಸ್ವಿಚ್ ತೆರೆದ ಕೂಡಲೇ ಮಿರರ್‌ನ ಎರಡನೇ ಟ್ರಾನ್ಸಿಸ್ಟರ್ ಆ ಚಾರ್ಜನ್ನು 1 ಮಿಲಿಆಂಪ್ ದರದಲ್ಲಿ ಕೆಳಗೆಳೆಯುತ್ತದೆ. ವೋಲ್ಟೇಜ್ 2 ವೋಲ್ಟ್‌ಗೆ ಇಳಿದಾಗ ಕಂಪ್ಯಾರೇಟರ್ ಮತ್ತೆ ಸ್ವಿಚ್ ಹಾಕಿ 0.2 ಮಿಲಿಸೆಕೆಂಡ್ ಹಿಡಿದಿಡುತ್ತದೆ. ಮೊದಲ ಟ್ರಾನ್ಸಿಸ್ಟರ್‌ನ ಬೇಸ್ ಮತ್ತು ಕಲೆಕ್ಟರ್ ಒಂದಕ್ಕೊಂದು ಸೇರಿವೆ. ಅದಕ್ಕೆ 11.3 ಕಿಲೋಓಮ್ ಮೂಲಕ ಕರೆಂಟ್ ಬರುತ್ತದೆ. ಬೇಸ್-ಎಮಿಟರ್ ಇಳಿತ 0.66 ವೋಲ್ಟ್ ಎಂದುಕೊಂಡರೆ ಆ ಕರೆಂಟ್ 1.00 ಮಿಲಿಆಂಪ್. ಎರಡೂ ಟ್ರಾನ್ಸಿಸ್ಟರ್‌ಗಳನ್ನು ಒಂದೇ ಕರೆಂಟ್‌ನಲ್ಲಿ ಅಳೆದು, ಬೇಸ್-ಎಮಿಟರ್ ವೋಲ್ಟೇಜ್ ಹೊಂದುವ ಜೋಡಿಯನ್ನೇ ಆರಿಸಿದೆ.

ಲೆಕ್ಕದ ಪ್ರಕಾರ 10 ವೋಲ್ಟ್ ಇಳಿಯಲು ಸರಿಯಾಗಿ 1 ಮಿಲಿಸೆಕೆಂಡ್ ಬೇಕು. ರ‍್ಯಾಂಪ್ ನೆಟ್ಟಗೆ ಬರಬೇಕು. ಬೇಡಿಕೆ ಇಷ್ಟೇ: ಮೊದಲ ಒಂದು ವೋಲ್ಟ್ ಇಳಿಯುವ ವೇಗಕ್ಕೂ ಕೊನೆಯ ಒಂದು ವೋಲ್ಟ್ ಇಳಿಯುವ ವೇಗಕ್ಕೂ ಶೇಕಡಾ 1ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಸ್ಕೋಪ್‌ನಲ್ಲಿ ಕಂಡದ್ದೇ ಬೇರೆ. ಸರ್ಕ್ಯೂಟ್ ಹತ್ತು ನಿಮಿಷ ಓಡಿದ ಮೇಲೆ ರ‍್ಯಾಂಪ್ 0.78 ಮಿಲಿಸೆಕೆಂಡ್‌ನಲ್ಲೇ ಮುಗಿಯುತ್ತಿತ್ತು. ಜೊತೆಗೆ ಗೆರೆ ನೆಟ್ಟಗಿರಲಿಲ್ಲ. ಎರಡು ಕಂಬಗಳ ನಡುವೆ ಸಡಿಲವಾಗಿ ಕಟ್ಟಿದ ಹಗ್ಗದಂತೆ ಮಧ್ಯದಲ್ಲಿ ಕೆಳಕ್ಕೆ ಜೋತಿತ್ತು. ಎರಡು ತುದಿಗಳನ್ನು ಸೇರಿಸುವ ನೇರ ಗೆರೆಗಿಂತ ಮಧ್ಯಬಿಂದು ಸುಮಾರು 0.18 ವೋಲ್ಟ್ ಕೆಳಗಿತ್ತು. ಕರ್ಸರ್ ಇಟ್ಟು ಅಳೆದಾಗ 12ರಿಂದ 11 ವೋಲ್ಟ್‌ಗೆ ಇಳಿಯಲು 73.3 ಮೈಕ್ರೋಸೆಕೆಂಡ್, 3ರಿಂದ 2 ವೋಲ್ಟ್‌ಗೆ ಇಳಿಯಲು 83.3 ಮೈಕ್ರೋಸೆಕೆಂಡ್.

ಇಲ್ಲಿ ದೂರುಗಳು ಎರಡು. ರ‍್ಯಾಂಪ್ ವೇಗವಾಗಿದೆ ಎಂಬುದು ಒಂದು, ರ‍್ಯಾಂಪ್ ಬಾಗಿದೆ ಎಂಬುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಎಂದು ಹಿಡಿದು ಹೊರಟರೆ ಲೆಕ್ಕ ಎಲ್ಲಿಯೂ ತಾಳೆಯಾಗುವುದಿಲ್ಲ. ಇಂಥ ಸರ್ಕ್ಯೂಟ್‌ಗಳಲ್ಲಿ ಹೆಚ್ಚು ಸಮಯ ವ್ಯರ್ಥವಾಗುವುದು ಈ ಒಂದು ತಪ್ಪಿನಿಂದಲೇ.

ಅಳತೆಯಿಂದ ಕರೆಂಟ್, ಕರೆಂಟ್‌ನಿಂದ ರೋಧ

ಕೆಪಾಸಿಟರ್‌ನ ಮೌಲ್ಯ ಗೊತ್ತಿದ್ದರೆ ರ‍್ಯಾಂಪೇ ಒಂದು ಒಳ್ಳೆಯ ಆಮೀಟರ್. 100 ನ್ಯಾನೋಫ್ಯಾರಡ್‌ನಿಂದ 1 ವೋಲ್ಟ್ ತೆಗೆಯಲು 73.3 ಮೈಕ್ರೋಸೆಕೆಂಡ್ ಹಿಡಿದರೆ ಕರೆಂಟ್ 1.365 ಮಿಲಿಆಂಪ್. 83.3 ಮೈಕ್ರೋಸೆಕೆಂಡ್ ಹಿಡಿದರೆ 1.20 ಮಿಲಿಆಂಪ್. ಮೊದಲನೆಯದು ಕಲೆಕ್ಟರ್ ಸರಾಸರಿ 11.5 ವೋಲ್ಟ್‌ನಲ್ಲಿದ್ದಾಗಿನ ಕರೆಂಟ್, ಎರಡನೆಯದು 2.5 ವೋಲ್ಟ್‌ನಲ್ಲಿದ್ದಾಗಿನದು. 9 ವೋಲ್ಟ್ ವ್ಯತ್ಯಾಸಕ್ಕೆ ಕರೆಂಟ್ 0.165 ಮಿಲಿಆಂಪ್ ಬದಲಾಗಿದೆ. ಹಾಗಾದರೆ ಈ ಟ್ರಾನ್ಸಿಸ್ಟರ್‌ನ ಔಟ್‌ಪುಟ್ ರೋಧ 9 ವೋಲ್ಟ್ ಭಾಗಿಸು 0.165 ಮಿಲಿಆಂಪ್, ಅಂದರೆ ಸುಮಾರು 55 ಕಿಲೋಓಮ್.

ಆದರ್ಶ ಕರೆಂಟ್ ಮೂಲಕ್ಕೆ ಈ ರೋಧ ಅನಂತವಾಗಿರಬೇಕು. ಇಲ್ಲಿ ಕಲೆಕ್ಟರ್‌ನಿಂದ ನೆಲಕ್ಕೆ 55 ಕಿಲೋಓಮ್‌ನ ಒಂದು ರೆಸಿಸ್ಟರ್ ಕಣ್ಣಿಗೆ ಕಾಣದಂತೆ ಕೂತಿದೆ ಎನ್ನಬಹುದು. ಕೆಪಾಸಿಟರ್ ಅದರ ಮೂಲಕವೂ ಖಾಲಿಯಾಗುತ್ತದೆ. ಆದ್ದರಿಂದಲೇ ಇಳಿತ ನೇರ ಗೆರೆಯಾಗದೆ ಆರ್‌ಸಿ ಸರ್ಕ್ಯೂಟ್‌ನ ಘಾತೀಯ ರೇಖೆಯ ಒಂದು ತುಣುಕಾಗಿದೆ. ಅದರ ಕಾಲಸ್ಥಿರಾಂಕ ಸುಮಾರು 5.5 ಮಿಲಿಸೆಕೆಂಡ್. ನಮಗೆ ಕಾಣುವುದು ಅದರ ಮೊದಲ 0.78 ಮಿಲಿಸೆಕೆಂಡ್ ಮಾತ್ರ, ಹಾಗಾಗಿ ಬಾಗು ಸೌಮ್ಯವಾಗಿ ತೋರುತ್ತದೆ.

ಆ ಘಾತೀಯ ರೇಖೆ ಯಾವ ವೋಲ್ಟೇಜ್‌ನತ್ತ ಸಾಗುತ್ತಿದೆ? ಸೊನ್ನೆಯತ್ತ ಅಲ್ಲ. ಕರೆಂಟ್ ಮತ್ತು ವೋಲ್ಟೇಜ್‌ನ ಎರಡು ಬಿಂದುಗಳ ಮೂಲಕ ನೇರ ಗೆರೆ ಎಳೆದು, ಕರೆಂಟ್ ಸೊನ್ನೆಯಾಗುವವರೆಗೆ ಹಿಂದಕ್ಕೆ ಚಾಚಿದರೆ ಉತ್ತರ ಸಿಗುತ್ತದೆ.

```
r  = I1 / I2 = 1.365 / 1.20 = 1.137
VA = (V1 - r*V2) / (r - 1)
   = (11.5 - 1.137*2.5) / 0.137 ≈ 63 V
ro = (VA + VCE) / IC
```

ಗೆರೆ ವೋಲ್ಟೇಜ್ ಅಕ್ಷವನ್ನು ಮುಟ್ಟುವುದು −63 ವೋಲ್ಟ್‌ನಲ್ಲಿ. ಈ 63 ವೋಲ್ಟ್ ಈ ಟ್ರಾನ್ಸಿಸ್ಟರ್‌ನ ಅರ್ಲಿ ವೋಲ್ಟೇಜ್. ಬೇಸ್ ಕರೆಂಟ್ ಬದಲಿಸಿ ಎಷ್ಟೇ ಕಲೆಕ್ಟರ್ ರೇಖೆಗಳನ್ನು ಬಿಡಿಸಿದರೂ, ಎಲ್ಲವನ್ನೂ ಹಿಂದಕ್ಕೆ ಚಾಚಿದಾಗ ಅವು ಹೆಚ್ಚುಕಡಿಮೆ ಇದೇ ಬಿಂದುವಿನಲ್ಲಿ ಸೇರುತ್ತವೆ. ಅರ್ಲಿ ಎನ್ನುವುದು ವ್ಯಕ್ತಿಯ ಹೆಸರು. ಬೆಲ್ ಲ್ಯಾಬೊರೇಟರೀಸ್‌ನ ಜೇಮ್ಸ್ ಅರ್ಲಿ 1952ರಲ್ಲಿ ಇದನ್ನು ವಿವರಿಸಿದರು. 'ಬೇಗ' ಎಂಬ ಅರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಆ ಗೊಂದಲ ಆಗಾಗ ಕಾಣುವುದರಿಂದ ಹೇಳಬೇಕಾಯಿತು.

ಕಲೆಕ್ಟರ್ ವೋಲ್ಟೇಜ್ ಕರೆಂಟನ್ನು ಹೇಗೆ ಮುಟ್ಟುತ್ತದೆ

ಎನ್‌ಪಿಎನ್ ಟ್ರಾನ್ಸಿಸ್ಟರ್‌ನಲ್ಲಿ ಎಮಿಟರ್‌ನಿಂದ ಬೇಸ್‌ಗೆ ಬಂದ ಎಲೆಕ್ಟ್ರಾನ್‌ಗಳು ಬೇಸ್ ದಾಟಿ ಕಲೆಕ್ಟರ್ ಸೇರುತ್ತವೆ. ಎಮಿಟರ್ ಕಡೆಯ ಅಂಚಿನಲ್ಲಿ ಅವುಗಳ ಸಾಂದ್ರತೆ ಎಷ್ಟಿರಬೇಕು ಎಂಬುದನ್ನು ಬೇಸ್-ಎಮಿಟರ್ ವೋಲ್ಟೇಜ್ ತೀರ್ಮಾನಿಸುತ್ತದೆ. ಕಲೆಕ್ಟರ್ ಕಡೆಯ ಅಂಚಿನಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ, ಏಕೆಂದರೆ ಅಲ್ಲಿಗೆ ಬಂದ ಎಲೆಕ್ಟ್ರಾನನ್ನು ರಿವರ್ಸ್ ಬಯಾಸ್‌ನ ವಿದ್ಯುತ್ ಕ್ಷೇತ್ರ ತಕ್ಷಣ ಆಚೆಗೆ ಸೆಳೆದುಬಿಡುತ್ತದೆ. ಈ ಎರಡು ಅಂಚುಗಳ ನಡುವಿನ ಇಳಿಜಾರೇ ಕರೆಂಟ್. ಇಳಿಜಾರಿನ ಎತ್ತರ ಅಷ್ಟೇ ಇದ್ದು ಉದ್ದ ಕಡಿಮೆಯಾದರೆ ಅದು ಕಡಿದಾಗುತ್ತದೆ, ಕರೆಂಟ್ ಹೆಚ್ಚುತ್ತದೆ.

ಆ ಉದ್ದ ಎಂದರೆ ಬೇಸ್‌ನಲ್ಲಿ ಉಳಿದಿರುವ ತಟಸ್ಥ ಭಾಗದ ಅಗಲ. ಅದು ಸ್ಥಿರವಲ್ಲ. ಕಲೆಕ್ಟರ್-ಬೇಸ್ ಜಂಕ್ಷನ್ ಸುತ್ತ ಚಲಿಸುವ ಚಾರ್ಜ್ ಇಲ್ಲದ ಡಿಪ್ಲೀಷನ್ ವಲಯವೊಂದಿದೆ. ಕಲೆಕ್ಟರ್ ವೋಲ್ಟೇಜ್ ಏರಿದಷ್ಟೂ ಅದು ಹಿಗ್ಗುತ್ತದೆ. ಹಿಗ್ಗುವಿಕೆಯ ಬಹುಪಾಲು ಕಡಿಮೆ ಡೋಪಿಂಗ್ ಇರುವ ಕಲೆಕ್ಟರ್ ಕಡೆಗೇ ಹೋಗುತ್ತದೆ, ಆದರೆ ಸ್ವಲ್ಪ ಭಾಗ ಬೇಸ್‌ನೊಳಗೂ ನುಗ್ಗಿ ಅದರ ತಟಸ್ಥ ಅಗಲವನ್ನು ಕೊರೆಯುತ್ತದೆ. ಬೇಸ್-ಎಮಿಟರ್ ವೋಲ್ಟೇಜ್ ಕೂದಲೆಳೆಯಷ್ಟೂ ಬದಲಾಗದಿದ್ದರೂ ಕಲೆಕ್ಟರ್ ಕರೆಂಟ್ ಏರುವುದು ಇದರಿಂದ. ಇದೇ ಅರ್ಲಿ ಪರಿಣಾಮ. ನಮ್ಮ ಸರ್ಕ್ಯೂಟ್‌ನಲ್ಲಿ 12 ವೋಲ್ಟ್ ಇದ್ದಾಗ ಬೇಸ್ ತೆಳುವಾಗಿರುತ್ತದೆ, ರ‍್ಯಾಂಪ್ ಇಳಿದಂತೆ ದಪ್ಪವಾಗುತ್ತದೆ, ಕರೆಂಟ್ ಕುಗ್ಗುತ್ತದೆ.

ಅರ್ಲಿ ವೋಲ್ಟೇಜ್ ಎಷ್ಟಿರುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಬೇಸ್‌ನಲ್ಲಿರುವ ಒಟ್ಟು ಚಾರ್ಜನ್ನು ಕಲೆಕ್ಟರ್-ಬೇಸ್ ಜಂಕ್ಷನ್‌ನ ಕೆಪಾಸಿಟೆನ್ಸ್‌ನಿಂದ ಭಾಗಿಸಿದರೆ ಬರುವುದೇ ಅದು. ಬೇಸ್ ದಪ್ಪವಾಗಿ, ಹೆಚ್ಚು ಡೋಪಿಂಗ್ ಹೊಂದಿದ್ದರೆ ಅದನ್ನು ಕೊರೆಯುವುದು ಕಷ್ಟ, ಅರ್ಲಿ ವೋಲ್ಟೇಜ್ ಹೆಚ್ಚು. ಆದರೆ ಬೀಟಾ ಹೆಚ್ಚಬೇಕಾದರೆ ಬೇಸ್ ತೆಳುವಾಗಿ, ಹಗುರ ಡೋಪಿಂಗ್‌ನದ್ದಾಗಿರಬೇಕು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು.

BC547ರ ಮೂರು ಗುಂಪುಗಳಲ್ಲಿ ಈ ಕೊಡುಕೊಳ್ಳುವಿಕೆ ಅಚ್ಚುಕಟ್ಟಾಗಿ ಕಾಣುತ್ತದೆ. ಡೇಟಾಶೀಟ್‌ನಲ್ಲಿ 2 ಮಿಲಿಆಂಪ್, 5 ವೋಲ್ಟ್‌ನಲ್ಲಿ ಔಟ್‌ಪುಟ್ ಅಡ್ಮಿಟೆನ್ಸ್ hoe ಎಂಬ ಸಾಲು ಇರುತ್ತದೆ. ಸಾಮಾನ್ಯ ಮೌಲ್ಯ ಎ ಗುಂಪಿಗೆ 18, ಬಿ ಗುಂಪಿಗೆ 30, ಸಿ ಗುಂಪಿಗೆ 60 ಮೈಕ್ರೋಸೀಮೆನ್ಸ್. 2 ಮಿಲಿಆಂಪನ್ನು ಇವುಗಳಿಂದ ಭಾಗಿಸಿದರೆ ಸುಮಾರು 111, 67 ಮತ್ತು 33 ವೋಲ್ಟ್ ಬರುತ್ತದೆ. ಅದರಿಂದ 5 ವೋಲ್ಟ್ ಕಳೆದರೆ ಉಳಿಯುವುದು ಅರ್ಲಿ ವೋಲ್ಟೇಜ್. ಬಿ ಗುಂಪಿಗೆ 62. ನಮ್ಮ ರ‍್ಯಾಂಪ್ ಕೊಟ್ಟ 63ಕ್ಕೆ ಇದು ಹತ್ತಿರವಾಗಿದೆ. ಅದೇ ಡೇಟಾಶೀಟ್‌ನ ಸಾಮಾನ್ಯ ಬೀಟಾಗಳು 220, 330, 600. ಬೀಟಾ ಏರಿದಷ್ಟೇ ಪಾಲಿನಲ್ಲಿ ಅರ್ಲಿ ವೋಲ್ಟೇಜ್ ಇಳಿದಿದೆ, ಎರಡರ ಗುಣಲಬ್ಧ ಅಷ್ಟಾಗಿ ಕದಲಿಲ್ಲ. ಹಾಗಾಗಿ 'ಬೀಟಾ ಹೆಚ್ಚಿರುವ ಸಿ ಗುಂಪನ್ನೇ ಹಾಕಿ, ಒಳ್ಳೆಯದು' ಎಂಬ ಸಲಹೆ ಈ ಸರ್ಕ್ಯೂಟ್‌ಗೆ ತಿರುಗುಬಾಣ. ಸಿ ಗುಂಪು ಹಾಕಿದರೆ ಬಾಗು ಶೇಕಡಾ 14ರಿಂದ ಸುಮಾರು 30ಕ್ಕೆ ಏರುತ್ತದೆ.

ಡೇಟಾಶೀಟ್‌ನಲ್ಲಿ ಬಿ ಗುಂಪಿನ hoe ಗರಿಷ್ಠ ಮಿತಿ 60, ಸಾಮಾನ್ಯ ಮೌಲ್ಯದ ಎರಡರಷ್ಟು. ಆದ್ದರಿಂದ ಒಂದು ಟ್ರಾನ್ಸಿಸ್ಟರ್‌ನಲ್ಲಿ ಅಳೆದ 63 ವೋಲ್ಟನ್ನು ಇಡೀ ಪೊಟ್ಟಣಕ್ಕೆ ನಂಬಬಾರದು.

ವೇಗ ಹೆಚ್ಚಾದದ್ದಕ್ಕೆ ಅರ್ಲಿ ಕಾರಣವಲ್ಲ

ಈಗ ಮೊದಲ ದೂರಿಗೆ ಬರೋಣ. ಮಿರರ್‌ನ ಮೊದಲ ಟ್ರಾನ್ಸಿಸ್ಟರ್ 0.66 ವೋಲ್ಟ್‌ನಲ್ಲಿ ಕುಳಿತಿದೆ. ಎರಡನೆಯದು 2.5 ವೋಲ್ಟ್‌ನಲ್ಲಿದ್ದಾಗ ಅರ್ಲಿ ಪರಿಣಾಮ ಕರೆಂಟನ್ನು ಹೆಚ್ಚಿಸಬೇಕಾದದ್ದು 65.5 ಭಾಗಿಸು 63.66 ಪಟ್ಟು, ಅಂದರೆ ಶೇಕಡಾ 3. ಬೇಸ್ ಕರೆಂಟ್‌ಗಳು ಕದಿಯುವುದು ಶೇಕಡಾ 0.7. ಹಾಗಾದರೆ 1.02 ಮಿಲಿಆಂಪ್ ಬರಬೇಕಿತ್ತು. ಬಂದದ್ದು 1.20. ಉಳಿದ ಶೇಕಡಾ 17 ಎಲ್ಲಿಂದ?

ಬಿಸಿಯಿಂದ. ಎರಡನೇ ಟ್ರಾನ್ಸಿಸ್ಟರ್ ಸರಾಸರಿ 10 ಮಿಲಿವಾಟ್‌ಗಿಂತ ತುಸು ಹೆಚ್ಚು ಶಾಖ ಹೊರಹಾಕುತ್ತಿದೆ, ಮೊದಲನೆಯದು 0.7 ಮಿಲಿವಾಟ್ ಮಾತ್ರ. ಟಿಒ-92 ಕವಚದ ಉಷ್ಣರೋಧ ಪ್ರತಿ ವಾಟ್‌ಗೆ 200ರಿಂದ 250 ಡಿಗ್ರಿ. ಅಂದರೆ ಎರಡರ ನಡುವೆ ಸುಮಾರು 2 ಡಿಗ್ರಿ ವ್ಯತ್ಯಾಸ. 10 ಮಿಲಿವಾಟ್ ಎಂದರೆ ಲೆಕ್ಕಕ್ಕಿಲ್ಲ ಎಂದು ಎಲ್ಲರೂ ದಾಟಿಹೋಗುವ ಜಾಗ ಇದು. ಆದರೆ ಮಿರರ್‌ನಲ್ಲಿ ಬೇಸ್-ಎಮಿಟರ್ ವೋಲ್ಟೇಜನ್ನು ಮೊದಲ ಟ್ರಾನ್ಸಿಸ್ಟರ್ ಬಿಗಿಯಾಗಿ ಹಿಡಿದಿದೆ. ಎರಡನೆಯದು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಅದಕ್ಕೆ 2 ಮಿಲಿವೋಲ್ಟ್ ಕಡಿಮೆ ಸಾಕು. ಕಡಿಮೆ ಸಿಗುವುದಿಲ್ಲವಾದ್ದರಿಂದ ಅದು ಕರೆಂಟನ್ನೇ ಶೇಕಡಾ 8ರಷ್ಟು ಏರಿಸಿಕೊಳ್ಳುತ್ತದೆ. 2 ಡಿಗ್ರಿಗೆ ಶೇಕಡಾ 16 ಅಥವಾ 17. ಲೆಕ್ಕ ಕೂಡಿತು.

ಎರಡು ಕಾರಣಗಳನ್ನು ಬೇರ್ಪಡಿಸಲು ಗಡಿಯಾರ ಸಾಕು. ಅರ್ಲಿ ಪರಿಣಾಮ ವೋಲ್ಟೇಜ್ ಬದಲಾದ ಕ್ಷಣದಲ್ಲೇ ಬರುತ್ತದೆ. ಕವಚ ಬಿಸಿಯಾಗಲು ಸೆಕೆಂಡುಗಳು ಬೇಕು. ಸರ್ಕ್ಯೂಟನ್ನು ತಣ್ಣಗಾಗಲು ಬಿಟ್ಟು, ಸಪ್ಲೈ ಹಾಕಿದ ತಕ್ಷಣದ ರ‍್ಯಾಂಪನ್ನು ಹಿಡಿದಾಗ ಅದು 0.92 ಮಿಲಿಸೆಕೆಂಡ್ ಇತ್ತು. ಮೊದಲ ವೋಲ್ಟ್‌ಗೆ 86, ಕೊನೆಯ ವೋಲ್ಟ್‌ಗೆ 98 ಮೈಕ್ರೋಸೆಕೆಂಡ್. ಅಲ್ಲಿಂದ ರ‍್ಯಾಂಪ್ ನಿಧಾನವಾಗಿ ಮೊಟಕಾಗುತ್ತಾ 0.78ಕ್ಕೆ ಬಂದು ನಿಂತಿತು. ಒಟ್ಟು ವೇಗ ಇಷ್ಟೆಲ್ಲ ಬದಲಾದರೂ ಎರಡು ಅವಧಿಗಳ ಅನುಪಾತ 1.14ರಲ್ಲೇ ಉಳಿದಿತ್ತು. ಬದಲಾಗುತ್ತಾ ಹೋದದ್ದು ಶಾಖದ ಪಾಲು, ಅಲುಗದೆ ನಿಂತದ್ದು ಅರ್ಲಿಯ ಪಾಲು. ಓಡುತ್ತಿರುವ ಟ್ರಾನ್ಸಿಸ್ಟರನ್ನು ಬೆರಳಿನಿಂದ ಹಿಡಿದರೂ ಸಾಕು: ರ‍್ಯಾಂಪ್‌ನ ಉದ್ದ ಕಣ್ಣೆದುರೇ ಬದಲಾಗುತ್ತದೆ, ಬಾಗು ಬದಲಾಗುವುದಿಲ್ಲ.

ಮಲ್ಟಿಮೀಟರ್ ಹಿಡಿದು, ಕಲೆಕ್ಟರ್‌ಗೆ 2 ವೋಲ್ಟ್ ಕೊಟ್ಟು ಓದಿ, ಬಳಿಕ 12 ವೋಲ್ಟ್ ಕೊಟ್ಟು ಓದುವ ರೂಢಿಯ ವಿಧಾನ ಇಲ್ಲಿ ಕೈಕೊಡುತ್ತದೆ. ಓದುವಷ್ಟರಲ್ಲಿ ಟ್ರಾನ್ಸಿಸ್ಟರ್ ಬಿಸಿಯಾಗಿರುತ್ತದೆ, ಎರಡೂ ಪರಿಣಾಮಗಳು ಸೇರಿಹೋಗುತ್ತವೆ, ಅರ್ಲಿ ವೋಲ್ಟೇಜ್ 20 ವೋಲ್ಟ್ ಸುಮಾರಿಗೆ ಇಳಿದಂತೆ ತೋರುತ್ತದೆ. ಮೀಟರ್‌ನ ಅಂಕಿ ನಿಲ್ಲದೆ ಮೇಲಕ್ಕೆ ತೆವಳುತ್ತಿದ್ದರೆ ಅದೇ ಸುಳಿವು. ಹೀಗೆ ಬಂದ ಸಂಖ್ಯೆಯನ್ನು ಅರ್ಲಿ ವೋಲ್ಟೇಜ್ ಎಂದು ಬರೆದಿಡಬಾರದು.

ಸಿಮ್ಯುಲೇಟರ್ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಎಲ್ಲ ಟ್ರಾನ್ಸಿಸ್ಟರ್‌ಗಳೂ ಒಂದೇ ತಾಪಮಾನದಲ್ಲಿರುತ್ತವೆ, ತಮ್ಮ ಶಾಖದಿಂದ ತಾವೇ ಬಿಸಿಯಾಗುವುದಿಲ್ಲ.

```
MIRROR
V1 vcc 0 12
R1 vcc b 11.3k
Q1 b b 0 QN
Q2 c b 0 QN
V2 c 0 5
.model QN NPN(IS=1e-14 BF=300 VAF=63)
.dc V2 0.5 12 0.1
.end
```

ಇದು 2.5 ವೋಲ್ಟ್‌ನಲ್ಲಿ 1.03, 11.5 ವೋಲ್ಟ್‌ನಲ್ಲಿ 1.17 ಮಿಲಿಆಂಪ್ ತೋರಿಸುತ್ತದೆ. ಮೇಜಿನ ಮೇಲಿನ 1.20 ಮತ್ತು 1.365ಕ್ಕೆ ಇದು ಹೊಂದುವುದಿಲ್ಲ, ಆದರೆ ಅನುಪಾತ ಹೊಂದುತ್ತದೆ. ಇಲ್ಲಿ ಸಿಮ್ಯುಲೇಷನ್ ತಪ್ಪಲ್ಲ. ಅದು ಅರ್ಲಿಯ ಪಾಲನ್ನು ಮಾತ್ರ ಹೇಳುತ್ತಿದೆ. ಮಾಡೆಲ್‌ನಲ್ಲಿರುವ `VAF` ಕಲೆಕ್ಟರ್-ಬೇಸ್ ವೋಲ್ಟೇಜನ್ನು ಆಧರಿಸಿದೆ, ನಾವು ಎಳೆದ ಗೆರೆ ಕಲೆಕ್ಟರ್-ಎಮಿಟರ್ ವೋಲ್ಟೇಜನ್ನು. ಆದ್ದರಿಂದ 0.66 ವೋಲ್ಟ್‌ನಷ್ಟು ವ್ಯತ್ಯಾಸ ಉಳಿಯುತ್ತದೆ, ಅದು ಇಲ್ಲಿ ಗಣನೆಗೆ ಬರುವುದಿಲ್ಲ. ಮಾಡೆಲ್‌ನಲ್ಲಿ `VAF` ಬರೆಯದೇ ಬಿಟ್ಟರೆ ಮಾತ್ರ ಅದನ್ನು ಅನಂತ ಎಂದು ಹಿಡಿಯಲಾಗುತ್ತದೆ, ರ‍್ಯಾಂಪ್ ಗೆರೆ ಹೊಡೆದಂತೆ ನೆಟ್ಟಗೆ ಬರುತ್ತದೆ. ಮೊದಲ ಬಾರಿ ವಿನ್ಯಾಸ ಮಾಡುವವರು ಮೋಸ ಹೋಗುವುದು ಇಲ್ಲೇ.

ಅರ್ಲಿಯ ವೇಷ ತೊಡುವ ಕೆಪಾಸಿಟರ್

ಬಾಗು ಟ್ರಾನ್ಸಿಸ್ಟರ್‌ನದ್ದೇ ಎಂದು ಒಪ್ಪುವ ಮೊದಲು ಕೆಪಾಸಿಟರನ್ನು ವಿಚಾರಿಸಬೇಕು. ಇಲ್ಲಿ ಪಾಲಿಪ್ರೊಪಿಲೀನ್ ಫಿಲ್ಮ್ ಇತ್ತು. ಅದರ ಜಾಗದಲ್ಲಿ ಎಕ್ಸ್7ಆರ್ ಸೆರಾಮಿಕ್ ಇದ್ದಿದ್ದರೆ, ಅದರ ಮೌಲ್ಯ ತನ್ನ ಮೇಲಿನ ವೋಲ್ಟೇಜ್ ಏರಿದಂತೆ ಕುಗ್ಗುತ್ತದೆ. 12 ವೋಲ್ಟ್‌ನಲ್ಲಿ ಕೆಪಾಸಿಟೆನ್ಸ್ ಕಡಿಮೆ, ಇಳಿತ ವೇಗ. 2 ವೋಲ್ಟ್‌ನಲ್ಲಿ ಹೆಚ್ಚು, ಇಳಿತ ನಿಧಾನ. ಅರ್ಲಿ ಪರಿಣಾಮದ ಬಾಗಿಗೂ ಇದಕ್ಕೂ ದಿಕ್ಕು ಒಂದೇ, ಸ್ಕೋಪ್ ನೋಡಿ ಗುರುತಿಸಲಾಗದು.

ಪರೀಕ್ಷೆ ಸುಲಭ. ಕೆಪಾಸಿಟರ್‌ನ ನೆಲದ ಕಡೆಯ ಕಾಲನ್ನು ಕಿತ್ತು 12 ವೋಲ್ಟ್ ಲೈನ್‌ಗೆ ಹಾಕಬೇಕು. ಆಗ ಸ್ವಿಚ್ ಅದನ್ನು ಶಾರ್ಟ್ ಮಾಡುತ್ತದೆ, ಮಿರರ್ ಅದನ್ನು ತುಂಬುತ್ತದೆ. ಕಲೆಕ್ಟರ್ ನೋಡುವ ವೋಲ್ಟೇಜ್ ಮೊದಲಿನಂತೆಯೇ 12ರಿಂದ 2, ಆದರೆ ಕೆಪಾಸಿಟರ್‌ನ ಮೇಲಿನದು ಈಗ 0ಯಿಂದ 10. ಟ್ರಾನ್ಸಿಸ್ಟರ್ ತಂದ ಬಾಗು ಹಾಗೆಯೇ ಉಳಿಯುತ್ತದೆ, ಕೆಪಾಸಿಟರ್ ತಂದ ಬಾಗು ತಿರುಗಿ ಬೀಳುತ್ತದೆ. ಇಲ್ಲಿ ಅನುಪಾತ 1.137 ಇದ್ದದ್ದು 1.137ರಲ್ಲೇ ನಿಂತಿತು. ತಪ್ಪು ಟ್ರಾನ್ಸಿಸ್ಟರ್‌ನದ್ದೇ ಎಂದು ಇತ್ಯರ್ಥವಾಯಿತು.

ಕರೆಂಟ್ ಇಳಿಸಿದರೆ ಸರಿಹೋಗುವುದಿಲ್ಲ

ಔಟ್‌ಪುಟ್ ರೋಧ ಕರೆಂಟ್‌ಗೆ ವಿಲೋಮವಾಗಿದೆ. 1.20 ಮಿಲಿಆಂಪ್‌ನಲ್ಲಿ 55 ಕಿಲೋಓಮ್ ಇದ್ದದ್ದು 1 ಮಿಲಿಆಂಪ್‌ನಲ್ಲಿ ಸುಮಾರು 65 ಕಿಲೋಓಮ್. ಕರೆಂಟನ್ನು 0.1 ಮಿಲಿಆಂಪ್‌ಗೆ ಇಳಿಸಿದರೆ ರೋಧ ಹತ್ತು ಪಟ್ಟಾಗಿ 650 ಕಿಲೋಓಮ್ ಆಗುತ್ತದೆ. ಕೆಪಾಸಿಟರನ್ನೂ 10 ನ್ಯಾನೋಫ್ಯಾರಡ್‌ಗೆ ಇಳಿಸಿದರೆ ಅದೇ 1 ಮಿಲಿಸೆಕೆಂಡ್ ಸಿಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಬಾಗು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ರೋಧ ಹತ್ತು ಪಟ್ಟಾದಾಗ ಅದರ ಮೂಲಕ ಹರಿಯುವ ಹೆಚ್ಚುವರಿ ಕರೆಂಟ್ ಹತ್ತನೇ ಒಂದಾಯಿತು, ಮುಖ್ಯ ಕರೆಂಟೂ ಹತ್ತನೇ ಒಂದೇ ಆಯಿತು. ಅನುಪಾತ ಅದೇ:

```
ΔI / I = ΔV / (VA + VCE) = 9 / 65.5 = 13.7 %
```

ಈ ಸೂತ್ರದಲ್ಲಿ ಕರೆಂಟೂ ಇಲ್ಲ, ಕೆಪಾಸಿಟರೂ ಇಲ್ಲ. ರ‍್ಯಾಂಪ್ ಎಷ್ಟು ವೋಲ್ಟ್ ಓಡುತ್ತದೆ, ಅರ್ಲಿ ವೋಲ್ಟೇಜ್ ಎಷ್ಟು ಎಂಬುದಷ್ಟೇ ಬಾಗನ್ನು ತೀರ್ಮಾನಿಸುತ್ತದೆ. ಔಟ್‌ಪುಟ್ ರೋಧವನ್ನು ಓಮ್‌ಗಳಲ್ಲಿ ಹೇಳುವುದಕ್ಕಿಂತ ಕರೆಂಟ್‌ನಿಂದ ಗುಣಿಸಿ ವೋಲ್ಟ್‌ಗಳಲ್ಲಿ ಹೇಳಿದರೆ ಹೋಲಿಕೆ ಸುಲಭವಾಗುವುದು ಇದಕ್ಕೇ. ಕರೆಂಟ್ ಇಳಿಸಿದ್ದರಿಂದ ಶಾಖ ಇಳಿದು ವೇಗದ ದೋಷ ಕಡಿಮೆಯಾಗುತ್ತದೆ ಎಂಬುದು ನಿಜ. ಆ ಸುಧಾರಣೆ ಕಂಡು ಬಾಗೂ ಸರಿಹೋಯಿತು ಎಂದು ನಂಬಬಾರದು ಅಷ್ಟೆ.

ಎಮಿಟರ್‌ನಲ್ಲಿ 470 ಓಮ್

ಟ್ರಾನ್ಸಿಸ್ಟರ್‌ನ ಅರ್ಲಿ ವೋಲ್ಟೇಜನ್ನು ನಾವು ಬದಲಿಸಲಾರೆವು. ಆದರೆ ಸರ್ಕ್ಯೂಟ್‌ನ ಒಟ್ಟು ಔಟ್‌ಪುಟ್ ರೋಧವನ್ನು ಏರಿಸಬಹುದು. ಎರಡೂ ಟ್ರಾನ್ಸಿಸ್ಟರ್‌ಗಳ ಎಮಿಟರ್ ಮತ್ತು ನೆಲದ ನಡುವೆ ಒಂದೊಂದು 470 ಓಮ್, ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಲಾಯಿತು. ಕಲೆಕ್ಟರ್ ವೋಲ್ಟೇಜ್ ಏರಿ ಕರೆಂಟ್ ಹೆಚ್ಚಲು ಹೊರಟರೆ ಆ ಹೆಚ್ಚಳ 470 ಓಮ್ ಮೂಲಕವೂ ಹರಿಯಬೇಕು. ಎಮಿಟರ್ ವೋಲ್ಟೇಜ್ ಮೇಲೇರುತ್ತದೆ, ಬೇಸ್ ಮಾತ್ರ ಇದ್ದಲ್ಲೇ ಇದೆ. ಬೇಸ್-ಎಮಿಟರ್ ವೋಲ್ಟೇಜ್ ಕುಗ್ಗಿ ಹೆಚ್ಚಳದ ಬಹುಭಾಗವನ್ನು ಅದುಮಿಬಿಡುತ್ತದೆ.

```
Rout ≈ ro * [1 + β*RE / (RE + rπ + RB)]
β = 300, RE = 470 Ω, rπ = 7.75 kΩ, RB ≈ 0.5 kΩ
Rout ≈ 65 kΩ * (1 + 16.2) ≈ 1.1 MΩ
```

ಇಲ್ಲಿನ `RB` ಎಂದರೆ ಬೇಸ್‌ಗೆ ಕಾಣುವ ರೋಧ. ಮೊದಲ ಟ್ರಾನ್ಸಿಸ್ಟರ್‌ನ ಡಯೋಡ್ ರೋಧ 26 ಓಮ್ ಮತ್ತು ಅದರ 470 ಓಮ್ ಸೇರಿದ್ದು. ಕಾಗದ ಪೆನ್ನು ಇಲ್ಲದಾಗ ಬೇರೊಂದು ಲೆಕ್ಕ ಸಾಕು: ಎಮಿಟರ್ ರೆಸಿಸ್ಟರ್‌ನ ಮೇಲಿನ ಇಳಿತವನ್ನು 26 ಮಿಲಿವೋಲ್ಟ್‌ನಿಂದ ಭಾಗಿಸಿ ಒಂದು ಸೇರಿಸಬೇಕು. 0.47 ವೋಲ್ಟ್‌ಗೆ 19 ಪಟ್ಟು ಬರುತ್ತದೆ. ಬೇಸ್ ಕರೆಂಟ್ ತಿನ್ನುವುದನ್ನು ಕಳೆದರೆ 17.

ಈಗ 9 ವೋಲ್ಟ್‌ಗೆ ಹೆಚ್ಚುವ ಕರೆಂಟ್ 8 ಮೈಕ್ರೋಆಂಪ್, ಅಂದರೆ ಶೇಕಡಾ 0.8. ಬೇಡಿಕೆ ಶೇಕಡಾ 1 ಇತ್ತು. 220 ಓಮ್ ಹಾಕಿದ್ದರೆ ಶೇಕಡಾ 1.5 ಆಗಿ ಸಾಲುತ್ತಿರಲಿಲ್ಲ. 1 ಕಿಲೋಓಮ್ ಹಾಕಿದರೆ 0.45ಕ್ಕೆ ಇಳಿಯುತ್ತದೆ, ಆದರೆ ಎಮಿಟರ್ 1 ವೋಲ್ಟ್‌ಗೆ ಏರಿ ಕೆಳಗಿನ ಜಾಗ ಕಿರಿದಾಗುತ್ತದೆ. ಕಲೆಕ್ಟರ್ ಎಮಿಟರ್‌ಗಿಂತ ಕನಿಷ್ಠ 0.3 ವೋಲ್ಟ್ ಮೇಲಿರದಿದ್ದರೆ ಟ್ರಾನ್ಸಿಸ್ಟರ್ ಸ್ಯಾಚುರೇಷನ್‌ಗೆ ಜಾರುತ್ತದೆ, ಅಲ್ಲಿ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. 470 ಓಮ್‌ನೊಂದಿಗೆ ರ‍್ಯಾಂಪ್ 0.8 ವೋಲ್ಟ್‌ವರೆಗೂ ಇಳಿಯಬಹುದು. ಮುಂದೆ ರ‍್ಯಾಂಪ್ ಇನ್ನಷ್ಟು ಕೆಳಗೆ ಬೇಕೆನಿಸಿದರೆ ಇರಲಿ ಎಂದು ಅದನ್ನೇ ಉಳಿಸಿಕೊಂಡದ್ದು ಸರಿಯಾದ ತೀರ್ಮಾನ.

ಎಮಿಟರ್ ಇಳಿತ ಸೇರಿದ್ದರಿಂದ 11.3 ಕಿಲೋಓಮ್‌ಗೆ ಸಿಗುವ ವೋಲ್ಟೇಜ್ ಕಡಿಮೆಯಾಯಿತು. ಅದರ ಬದಲು 10 ಕಿಲೋಓಮ್ ಮತ್ತು 2 ಕಿಲೋಓಮ್ ಪ್ರಿಸೆಟ್ ಸರಣಿಯಲ್ಲಿ ಹಾಕಿ, ರ‍್ಯಾಂಪ್ 1.00 ಮಿಲಿಸೆಕೆಂಡ್ ಬರುವಂತೆ ತಿರುಗಿಸಲಾಯಿತು. ಶಾಖದ ದೋಷವೂ ಇದೇ ರೆಸಿಸ್ಟರ್‌ನಿಂದ ಅಡಗಿತು: 2 ಡಿಗ್ರಿಗೆ 4 ಮಿಲಿವೋಲ್ಟ್, ಅದು ಈಗ 26 ಓಮ್ ಬದಲು 496 ಓಮ್ ಮೇಲೆ ಬೀಳುತ್ತದೆ, 8 ಮೈಕ್ರೋಆಂಪ್ ಅಷ್ಟೆ. ತಣ್ಣಗಿದ್ದಾಗಿನ ರ‍್ಯಾಂಪ್‌ಗೂ ಬಿಸಿಯಾದಾಗಿನದಕ್ಕೂ ವ್ಯತ್ಯಾಸ ಶೇಕಡಾ 1ರೊಳಗೆ ಬಂತು. ಒಂದು ಎಚ್ಚರಿಕೆ: ಇನ್ನು ಮುಂದೆ ಕರೆಂಟ್‌ನ ನಿಖರತೆಯನ್ನು ಬಹುಪಾಲು ಈ ಎರಡು ರೆಸಿಸ್ಟರ್‌ಗಳ ಹೊಂದಾಣಿಕೆ ನಿರ್ಧರಿಸುತ್ತದೆ, ಟ್ರಾನ್ಸಿಸ್ಟರ್‌ಗಳದ್ದಲ್ಲ. ಎರಡನೆಯದಕ್ಕೆ ಮಾತ್ರ ರೆಸಿಸ್ಟರ್ ಹಾಕಿ ಮೊದಲನೆಯದಕ್ಕೆ ಮರೆತರೆ ಕರೆಂಟ್ 1 ಮಿಲಿಆಂಪ್‌ನಿಂದ 0.1ರ ಆಸುಪಾಸಿಗೆ ಕುಸಿಯುತ್ತದೆ.

ಸುಧಾರಿಸಿದ್ದನ್ನು ಅಳೆಯುವುದು

ಬಾಗು ಇಷ್ಟು ಕಡಿಮೆಯಾದ ಮೇಲೆ ಅಳತೆಯೇ ಸವಾಲು. ನೇರ ಗೆರೆಯಿಂದ ಮಧ್ಯಬಿಂದುವಿನ ಜೋತ 0.18 ವೋಲ್ಟ್‌ನಿಂದ 11 ಮಿಲಿವೋಲ್ಟ್‌ಗೆ ಇಳಿದಿದೆ. 8 ಬಿಟ್ ಸ್ಕೋಪ್ 12 ವೋಲ್ಟನ್ನು 256 ಮೆಟ್ಟಿಲುಗಳಾಗಿ ಒಡೆದರೆ ಒಂದೊಂದು ಮೆಟ್ಟಿಲೂ 47 ಮಿಲಿವೋಲ್ಟ್. ಕಣ್ಣಿಗೆ ಗೆರೆ ಪೂರ್ತಿ ನೆಟ್ಟಗೆ ಕಾಣುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. 12-11 ಮತ್ತು 3-2 ವೋಲ್ಟ್‌ಗಳ ಗಡಿಗಳಿಗೆ ಕಂಪ್ಯಾರೇಟರ್ ಇಟ್ಟು ಅವಧಿಯನ್ನು ಕೌಂಟರ್‌ನಲ್ಲಿ ಅಳೆದು, ಹಲವು ನೂರು ಸುತ್ತುಗಳ ಸರಾಸರಿ ತೆಗೆದರೆ 99.2 ಮತ್ತು 100.0 ಮೈಕ್ರೋಸೆಕೆಂಡ್‌ಗಳ ನಡುವಿನ ವ್ಯತ್ಯಾಸ ಬೇರೆಯಾಗಿ ಕಾಣುತ್ತದೆ.

ಪ್ರೋಬ್‌ನ ಹೊರೆಯೂ ಈಗ ಲೆಕ್ಕಕ್ಕೆ ಬರುತ್ತದೆ. ಹತ್ತು ಪಟ್ಟಿನ ಪ್ರೋಬ್ ಎಂದರೆ ನೆಲಕ್ಕೆ 10 ಮೆಗಾಓಮ್. 55 ಕಿಲೋಓಮ್ ಪಕ್ಕದಲ್ಲಿ ಅದು ಏನೂ ಅಲ್ಲ. 1.1 ಮೆಗಾಓಮ್ ಪಕ್ಕದಲ್ಲಿ ಅದು ಫಲಿತಾಂಶವನ್ನು 1.0ಕ್ಕೆ ಇಳಿಸುತ್ತದೆ. ಮುಂದೆ ಯಾರಾದರೂ ಇನ್ನೊಂದು ಟ್ರಾನ್ಸಿಸ್ಟರನ್ನು ಮೇಲೆ ಪೇರಿಸಿ ಕ್ಯಾಸ್ಕೋಡ್ ಮಾಡಿದರೆ ಔಟ್‌ಪುಟ್ ರೋಧ ಒಂದು ಟ್ರಾನ್ಸಿಸ್ಟರ್‌ನ 65 ಕಿಲೋಓಮ್‌ಗಿಂತ ಬೀಟಾ ಪಟ್ಟು ಏರಿ 20 ಮೆಗಾಓಮ್ ಹತ್ತಿರ ಹೋಗಬೇಕು. ಪ್ರೋಬ್ ಇಟ್ಟವರಿಗೆ ಕಾಣುವುದು 7 ಮೆಗಾಓಮ್‌ಗಿಂತಲೂ ಕಡಿಮೆ. ಅಲ್ಲಿ ಕಲೆಕ್ಟರ್‌ಗೂ ಪ್ರೋಬ್‌ಗೂ ನಡುವೆ ಫೆಟ್ ಇನ್‌ಪುಟ್‌ನ ಆಪ್-ಆಂಪ್ ಬಫರ್ ಬೇಕೇ ಬೇಕು. TL072 ಬಳಸುವುದಾದರೆ ಅದಕ್ಕೆ ±15 ವೋಲ್ಟ್ ಕೊಡಬೇಕು, ಏಕೆಂದರೆ ಅದರ ಇನ್‌ಪುಟ್ ಋಣ ಸಪ್ಲೈಗೆ ಹತ್ತಿರ ಹೋದರೆ ಕೆಲಸ ಮಾಡುವುದಿಲ್ಲ.

ಬೀಟಾ ಪಟ್ಟು ಎಂಬ ಆ ಮಿತಿ ಎಮಿಟರ್ ರೆಸಿಸ್ಟರ್‌ಗೂ ಅನ್ವಯಿಸುತ್ತದೆ. ಸೂತ್ರದಲ್ಲಿ `RE` ಎಷ್ಟೇ ದೊಡ್ಡದಾದರೂ ಆವರಣದೊಳಗಿನದು `1 + β` ದಾಟುವುದಿಲ್ಲ. ಎಮಿಟರ್ ಕರೆಂಟನ್ನು ಪೂರ್ತಿ ಬಿಗಿದರೂ ಕಲೆಕ್ಟರ್ ವೋಲ್ಟೇಜ್ ಬದಲಾದಾಗ ಬೇಸ್‌ಗೆ ಹೋಗುವ ಪಾಲು ಬದಲಾಗುತ್ತದೆ, ಅದು ಕಲೆಕ್ಟರ್‌ನಲ್ಲಿ ಕಾಣುತ್ತದೆ. ಬೀಟಾ ಮತ್ತು ಅರ್ಲಿ ವೋಲ್ಟೇಜ್‌ಗಳ ಗುಣಲಬ್ಧವೇ ಇಲ್ಲಿ ಕೊನೆಯ ಮಾತು. ಅದು ಎ, ಬಿ, ಸಿ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಕ್ಯಾಸ್ಕೋಡ್ ಮಾಡುವಾಗ ಯಾವ ಗುಂಪಿನ BC547 ಹಾಕಿದರೂ ದೊಡ್ಡ ವ್ಯತ್ಯಾಸವಿಲ್ಲ. ಬರೀ ಮಿರರ್‌ನಲ್ಲಾದರೆ ಎ ಗುಂಪೇ ಮೇಲು.